ಅಂಕಣ ಎರಡು, ವೇದಿಕೆ ಒಂದು

ದಾವಣಗೆರೆಯಲ್ಲಿ ಒಂದು ಶನಿವಾರ, ಭಾನುವಾರ ಕಬಡ್ಡಿ ಟೂರ್ನಿ ನಡೆಯಿತು. ನಡೆಯಿತು ಅನ್ನೋದು ಮರ್ಯಾದೆಗೆ. 14 ವರ್ಷದೊಳಗಿನವರ 16 ತಂಡ, 17ರೊಳಗಿನವರದ್ದು 16, ದೊಡ್ಡವರದ್ದು 8. ಅಂಕಣ ಮಾತ್ರ ಎರಡೇ.

ವೇಳಾಪಟ್ಟಿ ಮಾಡಿದ ಪಿಟಿ ಮೇಷ್ಟ್ರು ಲೆಕ್ಕದಲ್ಲಿ ಪಕ್ಕಾ. ನಾಕೌಟ್‌ನಲ್ಲಿ ಒಂದು ಪಂದ್ಯಕ್ಕೆ ಒಂದು ತಂಡ ಮನೆಗೆ. ಕೊನೆಗೆ ಉಳಿಯೋದು ಒಂದೇ ತಂಡ. ಅಂದರೆ 15, 15, 7, ಒಟ್ಟು 37 ಪಂದ್ಯ. ದೊಡ್ಡವರ ಆಟ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಟೈಮ್‌ಔಟ್, ರೆಫರಿ ಜೊತೆಗಿನ ಜಗಳ ಸೇರಿಸಿ ಪಂದ್ಯಕ್ಕೆ ಒಂದು ಗಂಟೆ ಇಟ್ಟರು. ಬೆಳಿಗ್ಗೆ 8ರಿಂದ ಸಂಜೆ 6, ಎರಡು ಅಂಕಣ, ಎರಡು ದಿನ: 40 ಗಂಟೆ. ಮೂರು ಗಂಟೆ ಮಿಕ್ಕಿತು ಕೂಡ!

ಆ ಮೂರು ಗಂಟೆ ಕಮಿಟಿಯವರ ಕಣ್ಣಿಗೆ ಬಿತ್ತು.

8ಕ್ಕೆ ಉದ್ಘಾಟನೆ. ಮುಖ್ಯ ಅತಿಥಿಗಳು ಬೆಣ್ಣೆದೋಸೆ ಮುಗಿಸಿ ಬಂದಾಗ 10 ದಾಟಿತ್ತು. ಸನ್ಮಾನ, ಭಾಷಣ ಮುಗಿಯೋ ಹೊತ್ತಿಗೆ 11. ಕುರ್ಚಿ ಹಾಕಿದ್ದು ಎರಡನೇ ಅಂಕಣದ ಮೇಲೆ. ಹಾಗಾಗಿ ಹೋದದ್ದು ಮೂರಲ್ಲ, ಆರು ಗಂಟೆ. 37 ಪಂದ್ಯಕ್ಕೆ ಉಳಿದದ್ದು 34.

ಅಷ್ಟರಲ್ಲಿ ಒಬ್ಬರು ಅಪ್ಪ ಮೈಕ್ ಹತ್ತಿರ ಬಂದರು. "ಜಗಳೂರಿಂದ ಬಸ್ ಮಾಡ್ಕೊಂಡು ಬಂದೀವಿ ಸರ್, ಒಂದೇ ಮ್ಯಾಚಿಗೆ ವಾಪಸ್ ಹೋಗ್ಬೇಕಾ?" ನ್ಯಾಯವಾದ ಮಾತೇ. ಅಧ್ಯಕ್ಷರು ಕರಗಿ, ಚಿಕ್ಕವರಿಗೆ ಲೀಗ್ ಅಂತ ಅಲ್ಲೇ ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ನಾಲ್ಕು ತಂಡದ ಒಂದು ಗುಂಪಿನಲ್ಲಿ ಎಲ್ಲರೂ ಎಲ್ಲರೊಡನೆ ಆಡಿದರೆ 6 ಪಂದ್ಯ. ನಾಲ್ಕು ಗುಂಪಿಗೆ 24, ಸೆಮಿಫೈನಲ್, ಫೈನಲ್ ಸೇರಿ 27. ಹದಿನೈದಿದ್ದದ್ದು ಇಪ್ಪತ್ತೇಳಾಯಿತು. ಈಗ 34 ಗಂಟೆಯಲ್ಲಿ 49 ಪಂದ್ಯ. ಮೇಷ್ಟ್ರು ಪೆನ್ನು ಜೇಬಿಗಿಟ್ಟುಕೊಂಡರು.

ಇನ್ನು ಸುಣ್ಣದ ಗೆರೆ. ದೊಡ್ಡವರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಚಿಕ್ಕ ಹುಡುಗರದ್ದು ಅದಕ್ಕಿಂತ ಸಣ್ಣದು. ಒಂದು ಅಂಕಣ ಪೂರ್ತಿ ಚಿಕ್ಕವರಿಗೇ ಬಿಟ್ಟಿದ್ದರೆ ಮುಗಿಯುತ್ತಿತ್ತು, ಅಲ್ವಾ? ಇಲ್ಲ, "ಎಲ್ಲಾ ವಯಸ್ಸಿಗೂ ಸಮಾನ ಅವಕಾಶ" ಅಂತ ಒಂದಾದ ಮೇಲೊಂದು ಆಡಿಸಿದರು. ಪ್ರತಿ ಸಲ ಗೆರೆ ಅಳಿಸು, ಗೆರೆ ಹಾಕು. ಶನಿವಾರ ಸಂಜೆ ಹೊತ್ತಿಗೆ ನೆಲದ ಮೇಲೆ ಎಷ್ಟು ಗೆರೆ ಇತ್ತೆಂದರೆ, ಒಬ್ಬ ರೈಡರ್ ಬೋನಸ್ ಲೈನ್ ದಾಟಿದನೋ, ಅಂಕಣವನ್ನೇ ದಾಟಿದನೋ ರೆಫರಿಗೂ ತಿಳಿಯಲಿಲ್ಲ.

ಒಬ್ಬ ಕೋಚ್‌ಗೆ ಚಿಕ್ಕವರ ತಂಡವೂ ಇತ್ತು, 17ರ ತಂಡವೂ ಇತ್ತು. ಎರಡಕ್ಕೂ ಒಂದೇ ಗಂಟೆ, ಬೇರೆ ಬೇರೆ ಅಂಕಣ. ಪಾಪ, ಆ ಮನುಷ್ಯ ಹುಡುಗರಿಗಿಂತ ಜಾಸ್ತಿ ಓಡಿದ.

ಭಾನುವಾರ ಪಂದ್ಯಗಳನ್ನು 5 ನಿಮಿಷದ ಅವಧಿಗೆ ಇಳಿಸಿದರು. ಸಮಾರೋಪದ ಭಾಷಣಗಳಿಗೆ ಆ ಕತ್ತರಿ ಬೀಳಲಿಲ್ಲ.

ಸೋಮವಾರ ಕಮಿಟಿ ಕೂತು ಕೋಚ್‌ನ ದೂರು ಓದಿತು. ಒಂದೇ ಹೊತ್ತಿಗೆ ಎರಡು ಪಂದ್ಯ ಬಿದ್ದದ್ದೇ ತೊಂದರೆ ಅಂತ ಒಪ್ಪಿತು. ಪರಿಹಾರವೂ ಸಿಕ್ಕಿತು: ಮುಂದಿನ ವರ್ಷ ಒಂದೇ ಅಂಕಣ. ಖಾಲಿಯಾದ ಜಾಗದಲ್ಲಿ ವೇದಿಕೆ ದೊಡ್ಡದು ಮಾಡೋದು. 12 ವರ್ಷದೊಳಗಿನವರ ವಿಭಾಗವನ್ನೂ ಸೇರಿಸೋದು ಅಂತ ತೀರ್ಮಾನವಾಗಿದೆ.