ಸತ್ಯಾಂಶ: ಕನ್ನಡದಲ್ಲಿ ಎರಡು ‘ನಾವು’ ಇವೆಯೇ?

ಫಾರ್ವರ್ಡ್ ಆಗುತ್ತಿರುವ ಮಾತು: “ಎಲ್ಲ ದ್ರಾವಿಡ ಭಾಷೆಗಳಲ್ಲೂ ಕೇಳುಗರನ್ನು ಸೇರಿಸುವ ಒಂದು ‘ನಾವು’, ಬಿಡುವ ಇನ್ನೊಂದು ‘ನಾವು’ ಇವೆ. ನಮ್ಮ ಕನ್ನಡದಲ್ಲೂ ಇವೆ.”

ಇದು ಅರ್ಧ ಸತ್ಯ. ತೆಲುಗು, ತಮಿಳು, ಮಲಯಾಳಂ, ತುಳುಗಳಲ್ಲಿ ಈ ಭೇದ ಜೀವಂತವಾಗಿದೆ. ಇಂದಿನ ಕನ್ನಡದಲ್ಲಿ ಉಳಿದಿರುವುದು ‘ನಾವು’ ಒಂದೇ.

ತೊಡಕು ಕಾಣುವುದು ಕನ್ನಡಿಗರು ತೆಲುಗು ಕಲಿಯುವಾಗ. ಪಕ್ಕದ ಮನೆಯವರಿಗೆ “ಮನಂ ರೇಪು ತಿರುಪತಿಕಿ ವೆಳ್ತುನ್ನಾಂ” ಎಂದರೆ, ನಾಳೆಯ ಪ್ರಯಾಣದಲ್ಲಿ ಅವರೂ ಸೇರಿದ್ದಾರೆ ಎಂದಾಯಿತು. ನಿಮ್ಮ ಮನೆಯವರಷ್ಟೇ ಹೊರಟಿದ್ದರೆ “ಮನಂ” ಬದಲು “ಮೇಮು” ಎನ್ನಬೇಕು. ಕ್ರಿಯಾಪದ ಎರಡಕ್ಕೂ ಒಂದೇ ಆದ್ದರಿಂದ ತಪ್ಪನ್ನು ತಿದ್ದಲು ವಾಕ್ಯದಲ್ಲಿ ಬೇರೆ ಸುಳಿವಿಲ್ಲ. ‘ನಮ್ಮ ಮನೆ’ಯೂ ಹಾಗೆಯೇ: ಹೆಂಡತಿಯೊಡನೆ ಮಾತಾಡುವಾಗ “ಮನ ಇಲ್ಲು”, ಹೊರಗಿನವರಿಗೆ “ಮಾ ಇಲ್ಲು”. ತುಳುವಿನಲ್ಲಿ ಇವು “ನಮ್ಮ ಇಲ್ಲ್”, “ಎಂಕ್ಲೆನ ಇಲ್ಲ್”.

ಹಾಗೆಂದು ಕನ್ನಡಕ್ಕೆ ದಾರಿಯೇ ಇಲ್ಲವೆಂದಲ್ಲ. “ಹೋಗೋಣ” ಎಂದರೆ ಸಾಮಾನ್ಯವಾಗಿ ಕೇಳುಗರೂ ಸೇರುತ್ತಾರೆ. “ಹೋಗ್ತೀವಿ” ಅದನ್ನು ಹೇಳುವುದಿಲ್ಲ. ಆದರೆ ಇದು ಕ್ರಿಯಾಪದದ ಕೆಲಸ, ಸರ್ವನಾಮದ್ದಲ್ಲ.

ಎರಡು ‘ನಾವು’ ದ್ರಾವಿಡ ಭಾಷೆಗಳಿಗಷ್ಟೇ ಮೀಸಲೂ ಅಲ್ಲ: ಮರಾಠಿಯಲ್ಲಿ ಕೇಳುಗರನ್ನು ಬಿಡುವ “ಆಮ್ಹಿ”, ಸೇರಿಸುವ “ಆಪಣ” ಇವೆ.