ಐವತ್ತು ಪೈಸೆ ಏರಿಸಿದ್ದೇವೆ, ಸಹಕರಿಸಿ ಅಂದರೆ ಸಾಕೇನ್ರೀ?

ಮಾರ್ಚ್ ಬಂತು ಅಂದರೆ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ನೋಟಿಸು. 'ಖರ್ಚುವೆಚ್ಚ ಹೆಚ್ಚಿರುವುದರಿಂದ ಏಪ್ರಿಲ್‌ನಿಂದ ಮೇಂಟೆನೆನ್ಸ್ ಚದರಡಿಗೆ 3.50ರಿಂದ 4 ರೂಪಾಯಿ. ದಯವಿಟ್ಟು ಸಹಕರಿಸಿ.' ಯಾವ ಖರ್ಚು, ಎಷ್ಟು ಹೆಚ್ಚಿತು, ಯಾಕೆ ಹೆಚ್ಚಿತು? ಒಂದಕ್ಷರ ಇರುವುದಿಲ್ಲ. ಕೇಳಿದರೆ 'ಬನ್ನಿ, ನೀವೇ ಕಮಿಟಿಗೆ ಸೇರಿ ಮಾಡಿ' ಅನ್ನುವ ಉತ್ತರ. ರೋಸಿಹೋಗಿದೆ ಈ ಮಾತು ಕೇಳಿ. ಖಜಾಂಚಿ ಕೆಲಸ ಪುಕ್ಕಟೆ ದುಡಿಮೆ, ಒಪ್ಪೋಣ. ಆದರೆ ಪುಕ್ಕಟೆ ದುಡಿಯುವವರು ಲೆಕ್ಕ ಕೊಡಬೇಕಾಗಿಲ್ಲ ಅಂತ ಯಾವ ಬೈಲಾದಲ್ಲಿ ಬರೆದಿದೆ?

ಇದರ ಬೇರು ಬಜೆಟ್ ಮಾಡುವ ರೀತಿಯಲ್ಲೇ ಇದೆ. ಹೋದ ವರ್ಷದ ಎಕ್ಸೆಲ್ ತೆಗೆಯುವುದು, ಎಲ್ಲ ಸಾಲಿಗೂ ಹತ್ತು ಪರ್ಸೆಂಟ್ ಕೂಡುವುದು, ಕೆಳಗಿನ ಮೊತ್ತವನ್ನು ಒಟ್ಟು ಚದರಡಿಗೆ ಭಾಗಿಸುವುದು. ಇದಕ್ಕೆ ಬಜೆಟ್ ಅನ್ನುತ್ತಾರೆ! ಎಷ್ಟು ಬೇಕು, ಯಾವ ದರಕ್ಕೆ ಸಿಗುತ್ತದೆ ಎಂದು ಪ್ರತಿ ಬಾಬ್ತಿಗೂ ಬರೆದು ಗುಣಿಸಿದರೆ ಮಾತ್ರ ಅದು ಬಜೆಟ್.

ಒಂದು ಲೆಕ್ಕ ಹಿಡಿದು ನೋಡೋಣ. 120 ಫ್ಲ್ಯಾಟು, ಒಟ್ಟು 1,44,000 ಚದರಡಿ. ಅಂದರೆ ಚದರಡಿಗೆ ತಿಂಗಳಿಗೆ ಒಂದು ಪೈಸೆ ಏರಿಸಿದರೆ ವರ್ಷಕ್ಕೆ 17,280 ರೂಪಾಯಿ ಬರುತ್ತದೆ. ಬಜೆಟ್ ಹಾಳೆಯ ನೆತ್ತಿಯ ಮೇಲೆ ಮೊದಲು ಬರೆಯಬೇಕಾದ ಅಂಕಿ ಇದು. ಯಾವ ಖರ್ಚನ್ನೇ ಆಗಲಿ ಇದರಿಂದ ಭಾಗಿಸಿ, ಅದು ಎಷ್ಟು ಪೈಸೆ ಅಂತ ಸದಸ್ಯರಿಗೆ ಕಣ್ಣಿಗೆ ಕಾಣುತ್ತದೆ. 50 ಪೈಸೆ ಅಂದರೆ 8,64,000 ರೂಪಾಯಿ. ಅಷ್ಟು ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದು ತಪ್ಪಾ?

ನೀರಿನಿಂದ ಶುರು ಮಾಡೋಣ, ಅನಾಹುತ ಜಾಸ್ತಿ ಆಗುವುದು ಅಲ್ಲೇ. ನವೆಂಬರ್, ಡಿಸೆಂಬರ್ ತಿಂಗಳ ಟ್ಯಾಂಕರ್ ಬಿಲ್ ತೆಗೆದು ಹನ್ನೆರಡರಿಂದ ಗುಣಿಸುತ್ತಾರೆ. ದಿನಕ್ಕೊಂದು 12,000 ಲೀಟರಿನ ಟ್ಯಾಂಕರು, 1,000 ರೂಪಾಯಿ ದರ, ತಿಂಗಳಿಗೆ 30,000, ವರ್ಷಕ್ಕೆ 3,60,000. ಮುಗಿಯಿತು! ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಬೋರ್‌ವೆಲ್ ಕೈಕೊಡುತ್ತದೆ ಅನ್ನುವುದು ಬೆಂಗಳೂರಿನಲ್ಲಿ ಮಗುವಿಗೂ ಗೊತ್ತು. ಆ 92 ದಿನ ದಿನಕ್ಕೆ ಮೂರು ಟ್ಯಾಂಕರ್ ಬೇಕು, ದರವೂ 1,400 ಅಂತ ಇಟ್ಟುಕೊಳ್ಳಿ. 276 ಟ್ಯಾಂಕರಿಗೆ 3,86,400. ಉಳಿದ 273 ದಿನಕ್ಕೆ 2,73,000. ಒಟ್ಟು 6,59,400. ನವೆಂಬರ್ ಬಿಲ್ ನಂಬಿದ ಬಜೆಟ್ ಹತ್ತಿರಹತ್ತಿರ ಮೂರು ಲಕ್ಷ ಕಮ್ಮಿ ಬಿತ್ತು, ಅಂದರೆ 17 ಪೈಸೆ.

ಇನ್ನೊಂದು ಕಷ್ಟ ಇದೆ. ಲೆಕ್ಕದ ವರ್ಷ ಶುರುವಾಗುವುದೇ ಬೇಸಿಗೆಯಲ್ಲಿ. ಏಪ್ರಿಲ್, ಮೇ ಎರಡೇ ತಿಂಗಳಲ್ಲಿ ಟ್ಯಾಂಕರಿಗೆ ಎರಡೂವರೆ ಲಕ್ಷ ಕೈಬಿಟ್ಟು ಹೋಗುತ್ತದೆ. ಇತ್ತ ಹೊಸ ದರಕ್ಕೆ ಒಪ್ಪಿಗೆ ಪಡೆಯುವ ಎಜಿಎಂ, ಅಂದರೆ ವಾರ್ಷಿಕ ಮಹಾಸಭೆ, ಎಷ್ಟೋ ಕಡೆ ಆಡಿಟ್ ಮುಗಿದ ಮೇಲೆ, ಆಗಸ್ಟೋ ಸೆಪ್ಟೆಂಬರೋ. ಅಲ್ಲಿಯವರೆಗೆ ಕಾರ್ಪಸ್‌ಗೆ, ಅಂದರೆ ಸಂಘದ ಮೀಸಲು ನಿಧಿಗೆ, ಕೈ ಹಾಕಿ ಕೂತಿರುತ್ತಾರೆ. ಬಜೆಟ್ಟಿಗೆ ಅಂತಲೇ ಮಾರ್ಚ್ ಒಳಗೆ ವಿಶೇಷ ಸಭೆ ಕರೆಯಲು ಏನು ಅಡ್ಡಿ?

ನೀರಿನ ಅಂದಾಜು ಬಿಲ್ಲಿನಿಂದ ಬರಬಾರದು, ಗೇಟಿನ ರಿಜಿಸ್ಟರಿನಿಂದ ಬರಬೇಕು. ಟ್ಯಾಂಕರ್ ಬಂದ ಹೊತ್ತು, ಗಾಡಿ ನಂಬರು, ಮುಚ್ಚಳ ತೆಗೆದು ನೋಡಿದಾಗ ಕುತ್ತಿಗೆವರೆಗೆ ತುಂಬಿತ್ತೋ ಇಲ್ಲವೋ, ಇಷ್ಟನ್ನು ಸೆಕ್ಯುರಿಟಿ ಬರೆದಿರಬೇಕು. ರಿಜಿಸ್ಟರಿನ ಎಣಿಕೆಗೂ ಬಿಲ್ಲಿನ ಎಣಿಕೆಗೂ ತಾಳೆ ಬೀಳದಿದ್ದರೆ ಅಲ್ಲಿ ದರ ಏರಿಸುವ ಪ್ರಶ್ನೆಯೇ ಇಲ್ಲ, ಸೋರಿಕೆ ನಿಲ್ಲಿಸುವ ಪ್ರಶ್ನೆ.

ಸೆಕ್ಯುರಿಟಿ, ಹೌಸ್‌ಕೀಪಿಂಗ್ ಬಾಬ್ತಿನದು ಇನ್ನೊಂದು ಕಥೆ. ಪ್ರತಿ ಏಪ್ರಿಲ್ 1ಕ್ಕೆ ಕನಿಷ್ಠ ವೇತನದ ತುಟ್ಟಿಭತ್ಯೆ ಬದಲಾಗುತ್ತದೆ. ಇದು ಅನಿರೀಕ್ಷಿತ ಅಲ್ಲವೇ ಅಲ್ಲ. ತುಟ್ಟಿಭತ್ಯೆ 600 ರೂಪಾಯಿ ಏರಿತು ಅನ್ನಿ. ಅದರ ಮೇಲೆ ಇಎಸ್‌ಐ 3.25, ಬೋನಸ್ 8.33 ಪರ್ಸೆಂಟ್, ಏಜೆನ್ಸಿಯ ಸರ್ವಿಸ್ ಚಾರ್ಜ್ 8, ಎಲ್ಲದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 600 ಹೋಗಿ ಸುಮಾರು 850 ಆಯಿತು. ಸಂಬಳ 15,000 ದಾಟಿದ್ದು, ಪಿಎಫ್ ಆ ಮಿತಿಗೇ ಕಟ್ಟುತ್ತಿದ್ದರೆ ಪಿಎಫ್ ಏರುವುದಿಲ್ಲ. ಆದರೂ ಏಜೆನ್ಸಿ ಏರಿಸಿಕೊಂಡೇ ಬಿಲ್ ಕಳಿಸಿದರೆ ಹಿಡಿಯುವುದು ಖಜಾಂಚಿಯ ಕೆಲಸ. 20 ಜನಕ್ಕೆ ವರ್ಷಕ್ಕೆ 2,04,000, ಅಂದರೆ 12 ಪೈಸೆ. ಇದನ್ನು ಬಿಡಿಸಿ ತೋರಿಸಿದರೆ ಯಾವ ಸದಸ್ಯ ಬೇಡ ಅನ್ನುತ್ತಾನೆ? ಗೇಟಲ್ಲಿ ನಿಂತವರ ಸಂಬಳಕ್ಕೆ ಹೋಗುವ ದುಡ್ಡು ಅದು. ಬಿಡಿಸಿ ತೋರಿಸದೇ ಇದ್ದಾಗಲೇ 'ಕಮಿಟಿಯವರು ತಿಂದರು' ಅನ್ನುವ ಮಾತು ಹುಟ್ಟುವುದು.

ಲಿಫ್ಟ್ ನಿರ್ವಹಣೆಯ ವಾರ್ಷಿಕ ಗುತ್ತಿಗೆ 4 ಲಕ್ಷಕ್ಕೆ ಐದು ಪರ್ಸೆಂಟ್ ಏರಿದರೂ ಒಂದು ಪೈಸೆ ಚಿಲ್ಲರೆ. ಎಲ್ಲ ಸೇರಿ 30 ಪೈಸೆ. ಹಾಗಾದರೆ 50 ಯಾಕೆ?

ನನ್ನ ಸಿಟ್ಟು ನೆತ್ತಿಗೇರುವುದು ಇಲ್ಲಿ. ಉಳಿದ 20ರಲ್ಲಿ 17 ಪೈಸೆ ಬಾಕಿದಾರರದು. ಏಳೆಂಟು ಮನೆಯವರು ಕಟ್ಟದೆ ಉಳಿಸಿಕೊಂಡ ಮೂರು ಲಕ್ಷ! ಬ್ಯಾಂಕಿನಲ್ಲಿ ದುಡ್ಡು ಕಮ್ಮಿ ಕಂಡಿತು, ಖರ್ಚು ಹೆಚ್ಚಾಯಿತು ಅಂತ ಬರೆದು ದರ ಏರಿಸಿದರು. ಬಾಕಿ ಖರ್ಚಲ್ಲ ಸ್ವಾಮಿ, ಬರಬೇಕಾದ ದುಡ್ಡು. ಅದಕ್ಕೆ ಬೈಲಾ ಪ್ರಕಾರ ಬಡ್ಡಿ ಹಾಕಿ, ನೋಟಿಸ್ ಕೊಟ್ಟು ವಸೂಲಿ ಮಾಡಿ. ಅಲ್ಲಿಯವರೆಗೆ ಕಾರ್ಪಸ್‌ನಿಂದ ಕೈಗಡ ಬೇಕಾದರೆ ಸಭೆಯಲ್ಲಿ ಠರಾವು ಮಾಡಿ, ವಾಪಸ್ ಹಾಕುವ ತಿಂಗಳನ್ನೂ ಅದರಲ್ಲೇ ಬರೆಯಿರಿ. ಪ್ರತಿ ತಿಂಗಳು 5ನೇ ತಾರೀಕಿಗೆ ತಪ್ಪದೆ ಕಟ್ಟುವವರ ಮೇಲೆ ಈ ಹೊರೆ ಹೊರಿಸುವುದು ಅನ್ಯಾಯ. ಬಾಕಿ ವಸೂಲಾದ ವರ್ಷ ಆ 17 ಪೈಸೆಯನ್ನು ಇಳಿಸಿದ ಕಮಿಟಿ ಯಾವುದಾದರೂ ಇದೆಯಾ?

ಈ ಬೇಡದ ಏರಿಕೆಯ ಪೆಟ್ಟು ದೊಡ್ಡ ಫ್ಲ್ಯಾಟಿನವರಿಗೆ ಹೇಗೆ ಬೀಳುತ್ತದೆ ನೋಡಿ. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿದ್ದು, ಮನೆಯೊಂದರ ಮೇಂಟೆನೆನ್ಸ್ ತಿಂಗಳಿಗೆ 7,500 ಮೀರಿದರೆ 18 ಪರ್ಸೆಂಟ್ ಜಿಎಸ್‌ಟಿ. 1,900 ಚದರಡಿಯ ಮನೆಗೆ 3.80ರ ದರದಲ್ಲಿ 7,220, ಮಿತಿಯೊಳಗೆ. 4 ರೂಪಾಯಿ ಆದರೆ 7,600. ಮಿತಿ ದಾಟಿದರೆ ಪೂರ್ತಿ ಮೊತ್ತಕ್ಕೂ ತೆರಿಗೆ ಅನ್ನುತ್ತದೆ ಕೇಂದ್ರದ 2019ರ ಸುತ್ತೋಲೆ. ಹಾಗೆ ಹಾಕಿದರೆ ತಿಂಗಳಿಗೆ 1,368 ರೂಪಾಯಿ. ಮೀರಿದ ಭಾಗಕ್ಕೆ ಮಾತ್ರ ಅಂತ 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು, ಆಗ 18 ರೂಪಾಯಿ. ಯಾವುದನ್ನು ಹಿಡಿಯುತ್ತೀರಿ ಅಂತ ದರ ಗೊತ್ತುಮಾಡುವ ಮುಂಚೆ ಆಡಿಟರ್ ಹತ್ತಿರ ಕೇಳಿ ಸದಸ್ಯರಿಗೆ ತಿಳಿಸಬೇಕು. ಏಪ್ರಿಲ್ ಬಿಲ್ ಕೈಗೆ ಬಂದ ಮೇಲೆ ಅಲ್ಲ.

ನೋಟಿಸಿನಲ್ಲಿ ಏನಿರಬೇಕು ಅಂತ ಕೇಳುವವರಿಗೆ ಹೇಳುತ್ತೇನೆ. ಈಗಿನ ದರ 3.50, ಟ್ಯಾಂಕರಿಗೆ 17 ಪೈಸೆ, ತುಟ್ಟಿಭತ್ಯೆಗೆ 12, ಲಿಫ್ಟಿಗೆ 1, ಹೊಸ ದರ 3.80. 1,200 ಚದರಡಿಯ ಮನೆ 4,200ರ ಬದಲು 4,560 ಕಟ್ಟಬೇಕು. ಹೋದ ವರ್ಷದ ಅಂದಾಜು ಒಂದು ಕಾಲಂ, ಆದ ಖರ್ಚು ಇನ್ನೊಂದು, ಬಾಕಿಯ ಒಟ್ಟು ಮೊತ್ತ ಬೇರೆಯಾಗಿ ಕೆಳಗೆ. ಒಂದೇ ಹಾಳೆ ಸಾಕು. ಸಭೆಗೆ ಎರಡು ಮೂರು ವಾರ ಮುಂಚೆ ಕಳಿಸಿ, ಟ್ಯಾಂಕರ್ ರಿಜಿಸ್ಟರು, ಏಜೆನ್ಸಿ ಬಿಲ್ಲುಗಳನ್ನು ಕ್ಲಬ್‌ಹೌಸಿನಲ್ಲಿ ನೋಡಲು ಇಡಿ. ಇದನ್ನೂ ಮಾಡದೆ ಸಭೆಯ ಕೊನೆಯ ಹತ್ತು ನಿಮಿಷದಲ್ಲಿ 'ಎಲ್ಲರೂ ಒಪ್ಪಿದ್ದೀರಿ ತಾನೇ' ಅಂದರೆ, ಇಲ್ಲ, ಒಪ್ಪಿಲ್ಲ. ಹಾಗಂತ ನಡಾವಳಿಯಲ್ಲಿ ಬರೆದುಕೊಳ್ಳಿ.