ಉಚ್ಛಾರಣೆಯ ‘ಛ’ ಎಲ್ಲಿಂದ ಬಂತು?

“ಮಹಾಪ್ರಾಣವನ್ನು ಬಾಯಲ್ಲಿ ಹೇಳದ ಕಾರಣಕ್ಕೇ ಬರೆಯುವಾಗ ಒತ್ತಕ್ಷರ ತಪ್ಪುತ್ತದೆ.”

ಇದು ಅರ್ಧ ಮಾತ್ರ ನಿಜ ಸರ್. ‘ಸ್ವಚ್ಚ’, ‘ಇಚ್ಚೆ’ ಅಂತ ಬರೆಯುವುದಕ್ಕೆ ನಿಮ್ಮ ಕಾರಣ ಸಾಕು. ಆದರೆ ‘ಉಚ್ಛಾರಣೆ’, ‘ಉಚ್ಛ ನ್ಯಾಯಾಲಯ’ ಅಂತ ಬರೆಯುವವರು ಇಲ್ಲದ ಮಹಾಪ್ರಾಣವನ್ನು ತಂದು ಸೇರಿಸುತ್ತಾರಲ್ಲ, ಅದಕ್ಕೇನು ಹೇಳುತ್ತೀರಿ? ನಮ್ಮ ಚಿಂತಾಮಣಿ ಕಡೆ ಒಂದೇ ಗೋಡೆಯ ಮೇಲೆ ‘ಸ್ವಚ್ಚತೆ’ ಮತ್ತು ‘ಉಚ್ಛ ಗುಣಮಟ್ಟ’ ಎರಡೂ ಇವೆ. ಬೇಕಾದ ಕಡೆ ಬಿಟ್ಟು, ಬೇಡದ ಕಡೆ ಹಾಕಿದ್ದಾರೆ! ಸಂಸ್ಕೃತದ ಪದ ಅಂದ್ರೆ ಮಹಾಪ್ರಾಣ ಇರಲೇಬೇಕು ಅನ್ನೋ ಭಯವೇ ಇದಕ್ಕೆ ಕಾರಣ ಅನ್ನಿಸುತ್ತದೆ.

ಪದವನ್ನು ಬಿಡಿಸಿ ನೋಡಿದರೆ ಗೊಂದಲ ಜಾಸ್ತಿ ಉಳಿಯುವುದಿಲ್ಲ. ಉತ್ + ಚಾರಣೆ. ಎರಡನೆಯ ಪದ ‘ಚ’ದಿಂದಲೇ ಶುರು, ಹಾಗಾಗಿ ತ್ ಹೋಗಿ ಚ್ ಬಂದು ‘ಉಚ್ಚಾರಣೆ’ ಆಗುತ್ತದೆ. ಶರತ್ + ಚಂದ್ರ ‘ಶರಚ್ಚಂದ್ರ’ ಆದದ್ದೂ ಹೀಗೇ. ಇಲ್ಲಿ ಛ ಬರಲು ದಾರಿಯೇ ಇಲ್ಲ. ಆದರೆ ವಿದ್ಯುತ್ + ಶಕ್ತಿ ನೋಡಿ. ಎರಡನೆಯ ಪದ ‘ಶ’ದಿಂದ ಶುರು. ತ್ ಪಕ್ಕಕ್ಕೆ ಬಂದ ಆ ಶ, ಛ ಆಗುತ್ತದೆ, ಅದಕ್ಕೇ ‘ವಿದ್ಯುಚ್ಛಕ್ತಿ’. ಉತ್ + ಶ್ವಾಸ ‘ಉಚ್ಛ್ವಾಸ’ ಆಗುವುದೂ ಇದೇ ಲೆಕ್ಕ.

ಸ್ವಚ್ಛ, ಇಚ್ಛೆ, ಗುಚ್ಛಗಳಿಗೆ ಮಾತ್ರ ಈ ಉಪಾಯ ನಡೆಯಲ್ಲ. ಅಲ್ಲಿ ಒಡೆಯಲು ತ್ ಇಲ್ಲ, ಮೂಲದಲ್ಲೇ ಛ ಇದೆ. ಅವನ್ನು ಸುಮ್ನೆ ನೆನಪಿಟ್ಟುಕೊಳ್ಳಬೇಕು, ಅಷ್ಟೇ.